ಮಂಡಿನೋವಿನ ಡಬ್ಬಿಯ ಹಿಂಬದಿಯನ್ನು ಓದುವುದು ಹೇಗೆ?

ಮೂಡಿಗೆರೆ ಕಡೆಯ ನಮ್ಮ ಚಿಕ್ಕಮ್ಮ ಕಳೆದ ವರ್ಷ ಪ್ರವಾಸಿಗರು ಹೆಚ್ಚಾಗಿ ನಿಲ್ಲುವ ರಸ್ತೆಬದಿಯ ಅಂಗಡಿಯೊಂದರಲ್ಲಿ ಜೇನುತುಪ್ಪದ ಜೊತೆಗೆ ಮಂಡಿನೋವಿನ ಕ್ಯಾಪ್ಸೂಲಿನ ಡಬ್ಬಿಯೊಂದನ್ನು ಕೊಂಡು ತಂದರು. ಎರಡೇ ದಿನಗಳಲ್ಲಿ ನೋವು ಮಾಯವಾಯಿತು. ಮೂರು ತಿಂಗಳಲ್ಲಿ ಮುಖ ಊದಿಕೊಂಡು ದುಂಡಗಾಯಿತು, ಎಂದೂ ಇಲ್ಲದ ಸಕ್ಕರೆ ಕಾಯಿಲೆ ರಕ್ತಪರೀಕ್ಷೆಯಲ್ಲಿ ಕಾಣಿಸಿಕೊಂಡಿತು. ವೈದ್ಯರು ಡಬ್ಬಿಯನ್ನು ತರಿಸಿ ನೋಡಿ, ಇದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು ಎಂದು ಶಂಕಿಸಿದರು. ‘ಆಯುರ್ವೇದ ಅಂತ ಬರೆದಿತ್ತಲ್ಲೋ, ಎಲೆಯ ಚಿತ್ರವೂ ಇತ್ತು’ ಎಂಬುದು ಚಿಕ್ಕಮ್ಮನ ಸಮರ್ಥನೆ. ಎಲೆಯ ಚಿತ್ರವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಆ ಡಬ್ಬಿ ಈಗಲೂ ನನ್ನ ಮೇಜಿನ ಮೇಲಿದೆ; ಅದನ್ನೇ ಮುಂದಿಟ್ಟುಕೊಂಡು, ಅಂಗಡಿಯಲ್ಲಿ ನಿಂತಿರುವಾಗಲೇ ಯಾವುದನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಹೇಳುತ್ತೇನೆ.

ಮೊದಲನೆಯದಾಗಿ ಡಬ್ಬಿಯನ್ನು ತಿರುಗಿಸಿ. ಮುಂಬದಿಯಲ್ಲಿ ಓದಬೇಕಾದದ್ದು ಏನೂ ಇಲ್ಲ.

ಎರಡನೆಯದಾಗಿ ಪರವಾನಗಿ ಸಂಖ್ಯೆಯನ್ನು ಹುಡುಕಿ. ಆಯುರ್ವೇದ ಔಷಧವನ್ನು ಮಾರಾಟಕ್ಕೆಂದು ತಯಾರಿಸುವವರು 1940ರ ಔಷಧ ಮತ್ತು ಕಾಂತಿವರ್ಧಕ ಕಾಯಿದೆಯ ಪ್ರಕಾರ ತಮ್ಮ ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ತಯಾರಿಕಾ ಪರವಾನಗಿ ಪಡೆದಿರಬೇಕು ಮತ್ತು ಅದರ ಸಂಖ್ಯೆಯನ್ನು ಲೇಬಲ್ಲಿನ ಮೇಲೆ ಮುದ್ರಿಸಬೇಕು. ನಮ್ಮ ರಾಜ್ಯದ ತಯಾರಕರ ಡಬ್ಬಿಗಳ ಮೇಲೆ ಬಹುಮಟ್ಟಿಗೆ ‘ಎ.ಯು.ಎಸ್.’ ಎಂಬ ಅಕ್ಷರಗಳೊಂದಿಗೆ ಈ ಸಂಖ್ಯೆ ಕಾಣಿಸುತ್ತದೆ. ಪರವಾನಗಿ ನೀಡುವ ನಮೂನೆಯ ಹೆಸರೇ 25-ಡಿ ಆಗಿರುವುದರಿಂದ ಕೆಲವು ರಾಜ್ಯಗಳ ಸಂಖ್ಯೆಯಲ್ಲಿ ಅದೂ ಸೇರಿರುತ್ತದೆ. ಅದರ ಜೊತೆಗೆ ‘ಆಯುರ್ವೇದ ಔಷಧ’ ಎಂಬ ಮಾತು, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನಾಂಕ ಮತ್ತು ತಯಾರಕರ ವಿಳಾಸ ಇರಲೇಬೇಕು.

ಚಿಕ್ಕಮ್ಮನ ಡಬ್ಬಿಯಲ್ಲಿಯೂ ಒಂದು ಸಂಖ್ಯೆ ಇತ್ತು. ಅಂಗಡಿಯವನು ಅದನ್ನೇ ಬೆರಳಿಟ್ಟು ತೋರಿಸಿದ್ದನಂತೆ. ಎಣಿಸಿ ನೋಡಿದರೆ ಹದಿನಾಲ್ಕು ಅಂಕಿಗಳು, ಮೊದಲನೆಯದು 2. ಅದು ಎಫ್‌ಎಸ್‌ಎಸ್‌ಎಐ ಸಂಖ್ಯೆ, ಅಂದರೆ ಆಹಾರ ತಯಾರಿಸುವವರಿಗೆ ಕೊಡುವ ಸಂಖ್ಯೆ. 1ರಿಂದ ಆರಂಭವಾದರೆ ಪರವಾನಗಿ, 2ರಿಂದ ಆರಂಭವಾದರೆ ಸಣ್ಣ ಪ್ರಮಾಣದವರ ನೋಂದಣಿ ಮಾತ್ರ. ಉಪ್ಪಿನಕಾಯಿ, ಹಪ್ಪಳ, ಕಾಫಿಪುಡಿಗಳಿಗೆ ಇದೇ ಬೇಕಾದದ್ದು ಮತ್ತು ಇದೇ ಸಾಕು. ಆದರೆ ಮಂಡಿನೋವನ್ನು ಗುಣಪಡಿಸುತ್ತೇನೆ ಎಂದು ಹೇಳಿಕೊಳ್ಳುವ ಕ್ಯಾಪ್ಸೂಲಿನ ಮೇಲೆ ಆಹಾರದ ಸಂಖ್ಯೆಯೊಂದೇ ಇದ್ದರೆ, ಅದನ್ನು ಔಷಧವೆಂದು ಯಾವ ಪ್ರಾಧಿಕಾರವೂ ನೋಡಿಲ್ಲ ಎಂದೇ ಅರ್ಥ. ನಾನಾದರೆ ಡಬ್ಬಿಯನ್ನು ಅಲ್ಲಿಯೇ ಕೆಳಗಿಡುತ್ತೇನೆ.

ಇಲ್ಲಿ ಎರಡು ಮಾತುಗಳನ್ನು ಸೇರಿಸಬೇಕು. ‘ಆಯುಷ್ ಸಚಿವಾಲಯದಿಂದ ಅನುಮೋದಿತ’ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಅದು ಗುಣದ ಗುರುತಲ್ಲ, ದೋಷದ ಗುರುತು. ಸಚಿವಾಲಯವು ಯಾವ ಕಂಪನಿಯ ಯಾವ ಉತ್ಪನ್ನವನ್ನೂ ಅನುಮೋದಿಸುವುದಿಲ್ಲ, ತಯಾರಿಕೆಗೆ ಪರವಾನಗಿಯನ್ನೂ ಕೊಡುವುದಿಲ್ಲ. ಇದನ್ನು 2024ರಲ್ಲಿ ಸಾರ್ವಜನಿಕ ಪ್ರಕಟಣೆಯ ಮೂಲಕ ಅದೇ ಸ್ಪಷ್ಟಪಡಿಸಿದೆ. ಇನ್ನು ಜಿಎಂಪಿ ಮುದ್ರೆ: ಉತ್ತಮ ತಯಾರಿಕಾ ಪದ್ಧತಿಯನ್ನು ಪಾಲಿಸುವುದು ಪರವಾನಗಿಗೇ ಇರುವ ಷರತ್ತಾದ್ದರಿಂದ, ಆ ಮೂರು ಅಕ್ಷರಗಳನ್ನು ಬಂಗಾರದ ಬಣ್ಣದ ವೃತ್ತದಲ್ಲಿ ಮೆರೆಸುವುದರಿಂದ ಹೊಸದಾಗಿ ಏನೂ ಸಾಬೀತಾಗುವುದಿಲ್ಲ.

ನಮ್ಮ ಮಲೆನಾಡಿನ ನಾಟಿ ವೈದ್ಯರ ಪ್ರಶ್ನೆ ಬೇರೆ. ತನ್ನಲ್ಲಿಗೆ ಬಂದ ರೋಗಿಗೆಂದು ವೈದ್ಯನೇ ತಯಾರಿಸಿ ಕೊಡುವ ಔಷಧಕ್ಕೆ ತಯಾರಿಕಾ ಪರವಾನಗಿಯಿಂದ ಕಾಯಿದೆಯೇ ವಿನಾಯಿತಿ ನೀಡಿದೆ. ಅದೇ ಪುಡಿ ಪ್ಯಾಕೆಟ್ಟಿಗೆ ಸೇರಿ, ಆತನ ಮುಖವನ್ನೇ ಕಾಣದವರಿಗೆ ಅಂಗಡಿಯ ಮೂಲಕ ಮಾರಾಟವಾದ ಕೂಡಲೇ ಆ ವಿನಾಯಿತಿ ಮುಗಿಯುತ್ತದೆ.

ಮೂರನೆಯದು ಘಟಕಗಳ ಪಟ್ಟಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಗಿಡಗಳ ಹೆಸರುಗಳು ಸಂಸ್ಕೃತದಲ್ಲಿ ಸಾಲಾಗಿ ಕಂಡರೆ ಓದಿಬಿಟ್ಟೆವು ಎಂದುಕೊಳ್ಳುತ್ತಾರೆ. ನೋಡಬೇಕಾದದ್ದು ಹೆಸರುಗಳ ಪಕ್ಕದ ಅಂಕಿಗಳನ್ನು. ಪ್ರತಿಯೊಂದು ಘಟಕವೂ ಎಷ್ಟೆಷ್ಟಿದೆ ಎಂದು ಬರೆಯುವುದು ಕಡ್ಡಾಯ. ಪಟ್ಟಿ ಉದ್ದವಾಗಿದ್ದರೆ ಒಳಗಿನ ಚೀಟಿಯಲ್ಲಿ ಕೊಡಬಹುದು, ಆದರೆ ಹಾಗೆಂದು ಲೇಬಲ್ಲಿನ ಮೇಲೆ ತಿಳಿಸಿರಬೇಕು. ‘ಅಪರೂಪದ ಹದಿನೆಂಟು ಗಿಡಮೂಲಿಕೆಗಳು’ ಎಂಬುದು ಪಟ್ಟಿಯಲ್ಲ, ‘ನಮ್ಮ ವಂಶದ ಗುಟ್ಟು’ ಎಂಬುದು ಕಾನೂನಿನ ಮುಂದೆ ನಿಲ್ಲುವ ಕಾರಣವೂ ಅಲ್ಲ.

ಈಗ ಒಂದು ಕಾಗದ ತೆಗೆದುಕೊಂಡು ಆ ಅಂಕಿಗಳನ್ನು ಕೂಡಿಸಿ. ಚಿಕ್ಕಮ್ಮನ ಡಬ್ಬಿಯ ಪ್ರಕಾರ 500 ಮಿಲಿಗ್ರಾಂ ತೂಕದ ಪ್ರತಿಯೊಂದು ಕ್ಯಾಪ್ಸೂಲಿನಲ್ಲಿ ಶಲ್ಲಕಿ, ರಾಸ್ನಾ, ನಿರ್ಗುಂಡಿ, ಅಶ್ವಗಂಧ ಮತ್ತು ಶುಂಠಿ ತಲಾ 150 ಮಿಲಿಗ್ರಾಂ ಇವೆ. ಕೂಡಿದರೆ 750. ಅರ್ಧ ಸೇರಿನ ಪಾತ್ರೆಯಲ್ಲಿ ಮುಕ್ಕಾಲು ಸೇರು ತುಂಬಿದ ಲೆಕ್ಕ ಇದು. ಇದಕ್ಕೆ ಒಂದೇ ಒಂದು ಪ್ರಾಮಾಣಿಕ ವಿವರಣೆ ಇರಲು ಸಾಧ್ಯ: ಒಳಗಿರುವುದು ಪುಡಿಯಲ್ಲ, ಅಷ್ಟು ಪುಡಿಯಿಂದ ತೆಗೆದ ಸಾರ. ಹಾಗಿದ್ದರೆ ‘ಸಾರ’ ಎಂದೂ ಎಷ್ಟು ಪುಡಿಗೆ ಎಷ್ಟು ಸಾರ ಎಂದೂ ಬರೆದಿರಬೇಕು. ಆ ಡಬ್ಬಿಯಲ್ಲಿ ‘ಪುಡಿ’ ಎಂದೇ ಇದೆ. ಈ ಪಟ್ಟಿಯನ್ನು ಬರೆದವನು ತಕ್ಕಡಿಯ ಮುಂದೆ ಕುಳಿತು ಬರೆದಿಲ್ಲ ಎಂಬುದು ಅಲ್ಲಿಗೆ ಖಚಿತವಾಗುತ್ತದೆ. ಒಳಗೆ ಏನಿದೆ ಎಂಬುದಕ್ಕೂ ಲೇಬಲ್ಲಿಗೂ ಸಂಬಂಧವಿರಬೇಕಾಗಿಲ್ಲ.

ಲೆಕ್ಕ ಸರಿಹೊಂದಿದರೆ ಗಿಡದ ಶಾಸ್ತ್ರೀಯ ಹೆಸರನ್ನೂ ಬಳಸಿದ ಭಾಗವನ್ನೂ ನೋಡಿ. ರಾಸ್ನಾ ಎಂಬ ಹೆಸರಿನಲ್ಲಿ ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ದೊರೆಯುವುದು ಸಾಮಾನ್ಯವಾಗಿ ದುಂಪರಾಸ್ಮೆ, ಅಂದರೆ ಆಲ್ಪೀನಿಯಾ ಗಲಂಗಾ. ಭಾರತೀಯ ಆಯುರ್ವೇದ ಔಷಧಕೋಶವು ರಾಸ್ನಾ ಎಂದು ಕರೆಯುವುದು ಪ್ಲೂಚಿಯಾ ಲ್ಯಾನ್ಸಿಯೊಲೇಟಾ ಎಂಬ ಬೇರೆಯೇ ಗಿಡವನ್ನು. ದಕ್ಷಿಣದಲ್ಲಿ ದುಂಪರಾಸ್ಮೆಯನ್ನು ಬಳಸುವ ರೂಢಿ ಹಳೆಯದು, ಅದು ಮೋಸವಲ್ಲ. ಆದರೆ ಎರಡರಲ್ಲಿ ಯಾವುದನ್ನು ಹಾಕಿದ್ದೇನೆ ಎಂದು ಹೇಳುವ ತಯಾರಕನಿಗೆ ತಾನು ಕೊಂಡ ಸರಕಿನ ಅರಿವಿದೆ. ಅಶ್ವಗಂಧದ ವಿಷಯದಲ್ಲಿ ಭಾಗವೇ ಮುಖ್ಯ. ನಮ್ಮವರು ಹಿರೇಮದ್ದು ಎನ್ನುವ ಈ ಗಿಡದಲ್ಲಿ ಔಷಧವಾಗಿ ಹೇಳಿರುವುದು ಬೇರು. ಎಲೆ ಅಗ್ಗವಾದ್ದರಿಂದ ಬೆರೆಸುವವರಿದ್ದಾರೆ, ಹಾಗಾಗಿ ಎಲೆಯನ್ನು ಬಳಸಬೇಡಿ ಎಂದು ಆಯುಷ್ ಸಚಿವಾಲಯವೇ 2021ರಲ್ಲಿ ತಯಾರಕರಿಗೆ ತಿಳಿಸಿತು. ‘ಅಶ್ವಗಂಧ’ ಎಂದಷ್ಟೇ ಬರೆದು ಬೇರೋ ಎಲೆಯೋ ಎಂದು ಹೇಳದ ಡಬ್ಬಿಯನ್ನು ನಾನು ಕೊಳ್ಳುವುದಿಲ್ಲ.

ನನ್ನನ್ನು ಕೇಳಿದರೆ, ಹೊಸ ಹೊಸ ಹೆಸರಿನ ಮಿಶ್ರಣಗಳಿಗಿಂತ ಗ್ರಂಥೋಕ್ತ ಔಷಧವನ್ನೇ ಕೊಳ್ಳಬೇಕು. ಯೋಗರಾಜ ಗುಗ್ಗುಲು ಎಂಬ ಹೆಸರಿದ್ದರೆ ಅದರ ಪಾಠ ಯಾವ ಗ್ರಂಥದ್ದು ಎಂದು ಲೇಬಲ್ಲಿನ ಮೇಲೆ ನಮೂದಿಸಬೇಕಾಗುತ್ತದೆ, ಆ ಪಾಠದೊಂದಿಗೆ ಪಟ್ಟಿಯನ್ನು ಹೋಲಿಸಿ ನೋಡಲು ಯಾವ ಆಯುರ್ವೇದ ವೈದ್ಯರಿಗೂ ಐದು ನಿಮಿಷ ಸಾಕು. ಆದರೆ ಒಂದು ಪದದ ಬಗ್ಗೆ ಎಚ್ಚರವಿರಲಿ. ಮಹಾಯೋಗರಾಜ ಗುಗ್ಗುಲು ಎಂದಿದ್ದರೆ ಅದು ‘ಇನ್ನೂ ಒಳ್ಳೆಯದು’ ಅಲ್ಲ; ಅದರಲ್ಲಿ ಸೀಸ, ತವರ ಮುಂತಾದವುಗಳ ಭಸ್ಮಗಳೂ ಪಾದರಸದಿಂದ ಮಾಡಿದ ರಸಸಿಂಧೂರವೂ ಸೇರುತ್ತವೆ. ಪಾದರಸದಂಥ ವಿಷದ್ರವ್ಯಗಳಿರುವ ಔಷಧದ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕೆಂಬ ಎಚ್ಚರಿಕೆ ಕಡ್ಡಾಯ, ಆದರೆ ನಿಯಮವು ಆ ಎಚ್ಚರಿಕೆಯನ್ನು ಕೇಳುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡವನ್ನಷ್ಟೇ ಓದುವವರು ಮನೆಯ ಮಕ್ಕಳಿಂದ ಆ ಸಾಲನ್ನು ಓದಿಸಿಕೊಳ್ಳುವುದು ಒಳ್ಳೆಯದು.

ನಾಲ್ಕನೆಯದು ತಯಾರಕನ ಹೆಸರು. ‘ತಯಾರಿಸಿದವರು’ ಮತ್ತು ‘ಮಾರಾಟ ಮಾಡುವವರು’ ಎಂಬ ಎರಡು ಸಾಲುಗಳಿರುವುದುಂಟು. ಜಾಹೀರಾತಿನಲ್ಲಿ ಹೆಸರು ಮಾಡಿರುವುದು ಎರಡನೆಯ ಸಾಲಿನವರು, ಔಷಧವನ್ನು ಅರೆದು ತುಂಬಿದ್ದು ಮೊದಲನೆಯ ಸಾಲಿನವರು. ಹಾಗಾಗಿ ವಿಚಾರಿಸಬೇಕಾದದ್ದು ಮೊದಲನೆಯವರನ್ನು. ಪೂರ್ಣ ವಿಳಾಸವಿಲ್ಲದೆ ಊರಿನ ಹೆಸರು ಮತ್ತು ಮೊಬೈಲ್ ಸಂಖ್ಯೆ ಮಾತ್ರ ಇದ್ದರೆ ಮುಂದೆ ಹೋಗಬೇಡಿ. ವಿಳಾಸವಿದ್ದರೆ ಫೋನ್ ಮಾಡಿ, ನಿಮ್ಮ ಬ್ಯಾಚ್ ಸಂಖ್ಯೆಯನ್ನು ಹೇಳಿ, ಅದರ ಪರೀಕ್ಷಾ ವರದಿಯನ್ನು ಕೇಳಿ. ನಾನು ಹೀಗೆ ಕೇಳಿದಾಗ ಒಬ್ಬರು ಅದೇ ದಿನ ಸಂಜೆ ವರದಿಯನ್ನು ಕಳಿಸಿದರು, ಇನ್ನೊಬ್ಬರು ‘ನಮ್ಮದು ನಲವತ್ತು ವರ್ಷದ ಹೆಸರು ಸ್ವಾಮಿ’ ಎಂದರು. ಹಳೆಯ ಹೆಸರಿಗೆ ಬೆಲೆಯಿದೆ, ಆದರೆ ಅದು ಬ್ಯಾಚಿಗೆ ಉತ್ತರವಲ್ಲ. ವರದಿ ಬಂದರೆ ಸೀಸದ ಸಾಲನ್ನು ನೋಡಿ: ಬರೀ ಗಿಡಮೂಲಿಕೆಗಳ ಔಷಧದಲ್ಲಿ ಅದು ಹತ್ತು ಲಕ್ಷಕ್ಕೆ 10 ಭಾಗಗಳನ್ನು ಮೀರಬಾರದು.

ಡಬ್ಬಿಯ ಮೇಲಿನ ಭರವಸೆಗಳನ್ನು ಕೊನೆಗೆ ಓದಿದರೆ ಸಾಕು. 1954ರ ಮಾಂತ್ರಿಕ ಪರಿಹಾರಗಳ ಕಾಯಿದೆಯ ಪಟ್ಟಿಯಲ್ಲಿ ಸಂಧಿವಾತವೂ ಮಧುಮೇಹವೂ ಇವೆ. ಅವುಗಳನ್ನು ಗುಣಪಡಿಸುತ್ತೇನೆಂದು ಲೇಬಲ್ಲಿನ ಮೇಲೆ ಬರೆಯುವುದೂ ಜಾಹೀರಾತೆಂದೇ ಪರಿಗಣಿತವಾಗಿ ಅಪರಾಧವಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಲೇಬಲ್ ಹೇಳಲಾರದ ಸಂಗತಿ ಒಂದಿದೆ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಅಥವಾ ಡೈಕ್ಲೋಫೆನಾಕ್‌ನಂಥ ನೋವುನಿವಾರಕವನ್ನು ಬೆರೆಸಿದವರು ಅದನ್ನು ಪಟ್ಟಿಯಲ್ಲಿ ಬರೆಯುವುದಿಲ್ಲ. ನಾಲಿಗೆ, ಮೂಗುಗಳಿಗೆ ಅದು ಸಿಕ್ಕುವುದೂ ಇಲ್ಲ. ಪುಡಿಯನ್ನು ನೀರಿಗೆ ಹಾಕಿ, ಸುಟ್ಟು ಪರೀಕ್ಷಿಸುವ ಮೊಬೈಲ್ ವಿಡಿಯೋಗಳನ್ನು ನಂಬಬೇಡಿ. ಪ್ರಯೋಗಾಲಯದಲ್ಲಿ ಮಾತ್ರ ಖಚಿತವಾಗುವ ಈ ಬೆರಕೆಯನ್ನು ಮನೆಯಲ್ಲಿ ಶಂಕಿಸಲು ಇರುವ ದಾರಿ ದೇಹವನ್ನು ಗಮನಿಸುವುದು. ವಾರಗಟ್ಟಲೆ ಕಾಯಿಸಬೇಕಾದ ಮೂಲಿಕೆ ಒಂದೆರಡು ದಿನಗಳಲ್ಲಿ ನೋವನ್ನು ಪೂರ್ತಿ ಅಳಿಸಿದರೆ, ಒಂದು ಹೊತ್ತು ಬಿಟ್ಟ ಕೂಡಲೇ ನೋವು ಇಮ್ಮಡಿಯಾಗಿ ಮರಳಿದರೆ, ಹಸಿವು ವಿಪರೀತವಾಗಿ ಮುಖ ತುಂಬಿಕೊಂಡರೆ ಶಂಕಿಸಿ.

ಆದರೆ ಶಂಕೆ ಬಂದ ದಿನವೇ ಡಬ್ಬಿಯನ್ನು ತಿಪ್ಪೆಗೆ ಎಸೆಯುವುದು ದೊಡ್ಡ ತಪ್ಪು. ಸ್ಟೀರಾಯ್ಡನ್ನು ಹಲವು ವಾರ ಸೇವಿಸಿದ ದೇಹವು ತನ್ನದೇ ಹಾರ್ಮೋನನ್ನು ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಡಬ್ಬಿಯೊಂದಿಗೆ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. ಉಳಿದ ಕ್ಯಾಪ್ಸೂಲುಗಳನ್ನೂ ರಸೀದಿಯನ್ನೂ ಹಾಗೆಯೇ ಇಟ್ಟುಕೊಂಡು, ಲಿಖಿತ ದೂರಿನೊಂದಿಗೆ ಜಿಲ್ಲಾ ಆಯುಷ್ ಕಚೇರಿಗೆ ಕೊಡಬೇಕು. ಚಿಕ್ಕಮ್ಮನಿಗೆ ವೈದ್ಯರು ಅಳತೆ ಗೊತ್ತಿರುವ ಮಾತ್ರೆಯನ್ನು ಕೊಟ್ಟು, ಅದನ್ನು ಆರು ವಾರಗಳಲ್ಲಿ ಹಂತ ಹಂತವಾಗಿ ಇಳಿಸಿದರು. ಮುಖದ ಊತ ಇಳಿಯಲು ಮತ್ತೂ ಮೂರು ತಿಂಗಳು ಹಿಡಿಯಿತು. ದೂರಿಗೆ ಲಗತ್ತಿಸಲು ರಸೀದಿ ಇರಲಿಲ್ಲ, ಅಂಗಡಿಯವನು ಕೊಟ್ಟಿರಲೇ ಇಲ್ಲ.