ಪೈ-ಹೋಲ್ ಹಾಕಿದ ಮೇಲೂ ಜಾಹೀರಾತು ಎಲ್ಲಿಂದ ನುಸುಳುತ್ತಿತ್ತು?

ಆಲ್ದೂರು ಹತ್ತಿರದ ನಮ್ಮ ಮನೆಗೆ ಫೈಬರ್ ಬಂದ ಮೇಲೆ ಅಪ್ಪನಿಗೆ ಬೆಳಗ್ಗೆ ಮೊಬೈಲ್‌ನಲ್ಲಿ ಕಾಫಿ, ಮೆಣಸಿನ ರೇಟ್ ನೋಡೋದು ಅಭ್ಯಾಸ ಆಯ್ತು. ರೇಟ್ ಇರೋದು ಎರಡು ಸಾಲು. ಅದರ ಮೇಲೆ, ಕೆಳಗೆ, ಮಧ್ಯೆ ಎಲ್ಲ ಜಾಹೀರಾತು. ಮುಚ್ಚಲು ಹೋದರೆ ಸಾಲ ಕೊಡುವವರ ಪುಟ ತೆರೆದುಕೊಳ್ಳುತ್ತದೆ. ಒಂದೊಂದು ಫೋನಿಗೂ ಬೇರೆ ಬೇರೆ ಬ್ಲಾಕರ್ ಹಾಕುತ್ತಾ ಕೂರುವ ಬದಲು ಇಡೀ ಮನೆಗೆ ಒಂದೇ ಕಡೆ ತಡೆ ಹಾಕೋಣ ಅನ್ನಿಸಿತು. ಬೀರುವಿನಲ್ಲಿ ಒಂದು ಹಳೆಯ ರಾಸ್ಪ್‌ಬೆರಿ ಪೈ 3 ಅನ್ನುವ ಪುಟ್ಟ ಕಂಪ್ಯೂಟರ್ ಸುಮ್ನೆ ಬಿದ್ದಿತ್ತು. ಅದಕ್ಕೆ ಜಾಹೀರಾತು ತಡೆಯುವ ಪೈ-ಹೋಲ್ ಅನ್ನುವ ಸಾಫ್ಟ್‌ವೇರ್ ಹಾಕಿದೆ.

ಕೆಲಸದ ತತ್ವ ಸರಳ. ಫೋನ್ ಯಾವ ಪುಟ ತೆರೆಯುವ ಮುಂಚೆಯೂ ಆ ಹೆಸರಿನ ಐಪಿ ವಿಳಾಸ ಯಾವುದು ಅಂತ ಒಂದು ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಸುದ್ದಿಯ ಪುಟ ಒಂದು ಹೆಸರಿನಿಂದ ಬಂದರೆ, ಅದರೊಳಗಿನ ಜಾಹೀರಾತು ಬೇರೆ ಕಂಪನಿಗಳ ಹೆಸರುಗಳಿಂದ ಬರುತ್ತದೆ. ಪೈ-ಹೋಲ್ ಹತ್ತಿರ ಅಂಥ ಹೆಸರುಗಳ ದೊಡ್ಡ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿರುವ ಹೆಸರು ಕೇಳಿದರೆ 0.0.0.0 ಅಂತ ಉತ್ತರ ಕೊಡುತ್ತದೆ. ಫೋನಿಗೆ ಹೋಗಲು ಜಾಗವೇ ಇಲ್ಲ, ಜಾಹೀರಾತು ಬರುವುದಿಲ್ಲ. ಉಳಿದ ಹೆಸರುಗಳನ್ನು ಹೊರಗಿನ ಡಿಎನ್‌ಎಸ್‌ಗೆ ಕೇಳಿ ಉತ್ತರ ತಂದುಕೊಡುತ್ತದೆ. ವಿಡಿಯೋ, ಫೋಟೋ ಯಾವುದೂ ಪೈ ಮೂಲಕ ಹಾಯುವುದಿಲ್ಲ, ಬರೀ ಈ ಪುಟ್ಟ ಪ್ರಶ್ನೆಗಳು ಮಾತ್ರ. ಹಾಗಾಗಿ 1 ಜಿಬಿ ರ‍್ಯಾಮ್ ಇರುವ ಹಳೆಯ ಬೋರ್ಡ್ ಧಾರಾಳವಾಗಿ ಸಾಕು.

ಹಾಕುವುದು ಕಷ್ಟ ಅಲ್ಲ. ಮೆಮೊರಿ ಕಾರ್ಡ್‌ಗೆ ರಾಸ್ಪ್‌ಬೆರಿ ಪೈ ಓಎಸ್‌ನ ಲೈಟ್ ಆವೃತ್ತಿ ಬರೆದು, ವೈಫೈ ಬೇಡ ಅಂತ ಕೇಬಲ್‌ನಲ್ಲೇ ರೂಟರಿಗೆ ಜೋಡಿಸಿದೆ. ಪೈಗೆ ಬದಲಾಗದ ಒಂದು ವಿಳಾಸ ಬೇಕು. ಇಲ್ಲದಿದ್ದರೆ ಮನೆಯವರೆಲ್ಲ ಯಾರನ್ನು ಕೇಳಬೇಕು ಅಂತ ಗೊತ್ತಾಗುವುದಿಲ್ಲ.

```
sudo nmcli con mod "Wired connection 1" \
  ipv4.method manual \
  ipv4.addresses 192.168.1.5/24 \
  ipv4.gateway 192.168.1.1 \
  ipv4.dns 1.1.1.1
sudo reboot
curl -sSL https://install.pi-hole.net | bash
```

ಕೊನೆಯ ಸಾಲನ್ನು ಪೈ ಮತ್ತೆ ಶುರುವಾದ ಮೇಲೆ ಕೊಡಬೇಕು. ಸಂಪರ್ಕದ ಹೆಸರು ನಿಮ್ಮಲ್ಲಿ ಬೇರೆ ಇರಬಹುದು, `nmcli con show` ಅಂದರೆ ತಿಳಿಯುತ್ತದೆ. ಪೈ ತನ್ನ ಸ್ವಂತ ಪ್ರಶ್ನೆಗಳನ್ನು ತನ್ನನ್ನೇ ಕೇಳದೆ 1.1.1.1 ಅನ್ನುವ ಹೊರಗಿನ ಡಿಎನ್‌ಎಸ್ ಅನ್ನು ಕೇಳುವ ಹಾಗೆ ಇಲ್ಲಿ ಬರೆದಿದ್ದೇನೆ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಇಲ್ಲಿಯವರೆಗಿನದು ಒಂದು ಸಂಜೆಯ ಕೆಲಸ. ನಿಜವಾದ ಕೆಲಸ ಶುರುವಾಗುವುದು ಆಮೇಲೆ. ಮನೆಯ ಪ್ರತಿಯೊಂದು ಫೋನಿನ ಪ್ರತಿಯೊಂದು ಪ್ರಶ್ನೆಯೂ ಪೈ ಹತ್ತಿರವೇ ಹೋಗಬೇಕು. ಬೇರೆ ದಾರಿ ಇದ್ದರೆ ಅವು ಅಲ್ಲಿಂದ ನುಸುಳುತ್ತವೆ, ಮತ್ತು ನುಸುಳಿದ್ದನ್ನು ಯಾರೂ ಬಂದು ಹೇಳುವುದಿಲ್ಲ. ಪೈ-ಹೋಲ್ ಪುಟದಲ್ಲಿ ಗ್ರಾಫ್ ಚೆನ್ನಾಗಿಯೇ ಏರುತ್ತಿರುತ್ತದೆ.

ಮೊದಲ ದಾರಿ ಎರಡನೇ ಡಿಎನ್‌ಎಸ್. ರೂಟರಿನ ಡಿಎಚ್‌ಸಿಪಿ ಪುಟದಲ್ಲಿ, ಅಂದರೆ ಫೋನುಗಳಿಗೆ ವಿಳಾಸ ಹಂಚುವ ಪುಟದಲ್ಲಿ, ಡಿಎನ್‌ಎಸ್‌ಗೆ ಎರಡು ಖಾನೆ ಇರುತ್ತವೆ. ಮೊದಲನೆಯದರಲ್ಲಿ ಪೈ, ಎರಡನೆಯದರಲ್ಲಿ ‘ಒಂದು ವೇಳೆಗೆ ಇರಲಿ’ ಅಂತ 8.8.8.8 ಹಾಕುವವರು ಜಾಸ್ತಿ. ಮೊದಲನೆಯದು ಸತ್ತರೆ ಮಾತ್ರ ಎರಡನೆಯದು ಅಂತ ನಾವು ಅಂದುಕೊಳ್ಳುತ್ತೇವೆ. ಫೋನುಗಳು ಹಾಗೆ ಅಂದುಕೊಳ್ಳುವುದಿಲ್ಲ, ಅವಕ್ಕೆ ಎರಡೂ ಒಂದೇ. ಯಾವಾಗ ಯಾವುದನ್ನು ಕೇಳುತ್ತವೆ ಅನ್ನುವುದು ಅವುಗಳ ಇಷ್ಟ. ಸರಿ, ಖಾಲಿ ಬಿಡೋಣ ಅಂದರೆ ನಮ್ಮ ರೂಟರ್ ಆ ಖಾನೆಗೆ ತನ್ನ ವಿಳಾಸವನ್ನೇ ತುಂಬಿ ಹಂಚುತ್ತಿತ್ತು. ಎರಡರಲ್ಲೂ ಪೈ ವಿಳಾಸವನ್ನೇ ಕೊಟ್ಟರೆ ಒಪ್ಪುತ್ತಿರಲಿಲ್ಲ.

ಹಾಗಾಗಿ ವಿಳಾಸ ಹಂಚುವ ಕೆಲಸವನ್ನೇ ರೂಟರಿಂದ ಕಿತ್ತು ಪೈಗೆ ಕೊಟ್ಟೆ. ಮೊದಲು ರೂಟರಿನ ಡಿಎಚ್‌ಸಿಪಿ ಆಫ್, ಆಮೇಲೆ ಪೈ-ಹೋಲ್‌ನ `Settings` ಒಳಗೆ `DHCP` ಆನ್. ಎರಡೂ ಒಟ್ಟಿಗೆ ಆನ್ ಇದ್ದರೆ ಯಾರು ಮೊದಲು ಉತ್ತರಿಸುತ್ತಾರೋ ಅವರ ಮಾತೇ ನಡೆಯುತ್ತದೆ. ಇದರಲ್ಲಿ ಒಂದು ಅಪಾಯ ಇದೆ. ಪೈ ಕೆಟ್ಟರೆ ಹೊಸದಾಗಿ ಸೇರುವ ಫೋನಿಗೆ ವಿಳಾಸವೇ ಸಿಗುವುದಿಲ್ಲ. ಆಗ ಲ್ಯಾಪ್‌ಟಾಪ್‌ಗೆ ಕೈಯಿಂದಲೇ 192.168.1.50 ಅಂತ ವಿಳಾಸ ಕೊಟ್ಟು, ರೂಟರ್ ಪುಟಕ್ಕೆ ಹೋಗಿ ಅದರ ಡಿಎಚ್‌ಸಿಪಿ ಮತ್ತೆ ಆನ್ ಮಾಡಬೇಕು. ಈ ಹೆಜ್ಜೆಗಳನ್ನು ಚೀಟಿಯಲ್ಲಿ ಬರೆದು ರೂಟರ್ ಮೇಲೆ ಅಂಟಿಸಿದ್ದೇನೆ. ನಾನು ಊರಲ್ಲಿ ಇಲ್ಲದಾಗ ತಮ್ಮನಿಗೆ ಬೇಕಲ್ವಾ.

ಇಷ್ಟೆಲ್ಲ ಆದ ಮೇಲೂ ಅಪ್ಪ ಫೋನ್ ಹಿಡಿದು ಬಂದು, ‘ಎಂಥದ್ದು ಮಾರಾಯ, ನಿನ್ನ ಡಬ್ಬಿ ಕೆಲಸ ಮಾಡ್ತಿದ್ಯಾ?’ ಅಂದರು. ಅದೇ ಸಾಲದ ಜಾಹೀರಾತು. ಪೈ-ಹೋಲ್‌ನ `Query Log` ತೆಗೆದು ಅಪ್ಪನ ಫೋನಿನ ವಿಳಾಸ ಹಾಕಿ ಹುಡುಕಿದೆ. ಅರ್ಧ ಗಂಟೆಯಿಂದ ಸುದ್ದಿ ಓದುತ್ತಿರುವ ಫೋನಿನಿಂದ ಬೆರಳೆಣಿಕೆಯಷ್ಟು ಪ್ರಶ್ನೆ ಬಂದಿತ್ತು. ಅಂಥ ಒಂದು ಪುಟ ತೆರೆದರೇ ಹತ್ತಾರು ಹೆಸರು ಕೇಳಬೇಕು. ಪಟ್ಟಿ ಸಾಲದೆ ಹೋಗಿದ್ದರೆ ಲಾಗ್‌ನಲ್ಲಿ ಜಾಹೀರಾತಿನ ಹೆಸರುಗಳು ಹಸಿರು ಬಣ್ಣದಲ್ಲಿ ಹಾದುಹೋಗಿರುವುದು ಕಾಣುತ್ತಿತ್ತು. ಪ್ರಶ್ನೆಯೇ ಬಂದಿಲ್ಲ ಅಂದರೆ ಫೋನ್ ಬೇರೆ ಯಾರನ್ನೋ ಕೇಳುತ್ತಿದೆ. ಈ ಎರಡರಲ್ಲಿ ಯಾವುದು ಅಂತ ಮೊದಲು ಗೊತ್ತುಮಾಡಿಕೊಂಡರೆ ಹೊಸ ಹೊಸ ಪಟ್ಟಿ ಸೇರಿಸುತ್ತಾ ಸಮಯ ಹಾಳುಮಾಡುವುದು ತಪ್ಪುತ್ತದೆ.

ಅದೇ ವೈಫೈನಲ್ಲಿ ಲ್ಯಾಪ್‌ಟಾಪ್‌ನಿಂದ ಎರಡು ಸಲ ಕೇಳಿ ನೋಡಿದೆ. ಒಮ್ಮೆ ಪೈಯನ್ನೇ ಹೆಸರಿಸಿ, ಇನ್ನೊಮ್ಮೆ ಯಾರನ್ನೂ ಹೆಸರಿಸದೆ.

```
nslookup ad.doubleclick.net 192.168.1.5
nslookup ad.doubleclick.net
```

ಮೊದಲನೆಯದಕ್ಕೆ 0.0.0.0 ಬಂತು. ಅಂದರೆ ಪೈ ಸರಿ ಇದೆ. ಎರಡನೆಯದಕ್ಕೆ ನಿಜವಾದ ವಿಳಾಸವೇ ಬಂತು. ಮೇಲಿನ ಸಾಲಿನಲ್ಲಿ ಉತ್ತರ ಕೊಟ್ಟವರ ವಿಳಾಸ `fe80::1` ಅಂತ ಇತ್ತು. ಅದು ರೂಟರಿನ ಐಪಿವಿ6 ವಿಳಾಸ, ಅಂದರೆ ಹೊಸ ಬಗೆಯ ಐಪಿ ವಿಳಾಸ. 192.168.1.5 ತರಹದ್ದು ಹಳೆಯ ಬಗೆ, ಐಪಿವಿ4.

ಡಿಎಚ್‌ಸಿಪಿ ಆಫ್ ಮಾಡಿದ್ದು ಐಪಿವಿ4 ಕಡೆಯದು ಮಾತ್ರ. ಐಪಿವಿ6ನಲ್ಲಿ ರೂಟರ್ ಆಗಾಗ ‘ನಾನು ಇಲ್ಲಿದ್ದೇನೆ’ ಅಂತ ಮನೆಯೊಳಗೆಲ್ಲ ಸಾರುತ್ತಿರುತ್ತದೆ. ಆ ಸಾರುವ ಸಂದೇಶದ ಒಳಗೇ ಡಿಎನ್‌ಎಸ್ ವಿಳಾಸವನ್ನೂ ಸೇರಿಸುತ್ತದೆ. ರೂಟರ್ ಪುಟದಲ್ಲಿ ಡಿಎಚ್‌ಸಿಪಿವಿ6 ಅಂತ ಇರುವುದನ್ನು ಆಫ್ ಮಾಡಿದರೆ ಸಾಕು ಅನ್ನುವ ಸಲಹೆ ತುಂಬಾ ಕಡೆ ಸಿಗುತ್ತದೆ. ಆಂಡ್ರಾಯ್ಡ್ ಫೋನುಗಳು ಡಿಎನ್‌ಎಸ್ ವಿಳಾಸವನ್ನು ಅದರಿಂದ ತೆಗೆದುಕೊಳ್ಳುವುದೇ ಇಲ್ಲ, ಈ ಸಾರುವ ಸಂದೇಶದಿಂದ ತೆಗೆದುಕೊಳ್ಳುತ್ತವೆ. ಹಾಗಾಗಿ ಆ ಸಲಹೆಯಿಂದ ಫೋನಿಗೆ ಏನೂ ಉಪಯೋಗ ಆಗುವುದಿಲ್ಲ.

ಒಳ್ಳೆಯ ರೂಟರುಗಳಲ್ಲಿ ಐಪಿವಿ6 ಡಿಎನ್‌ಎಸ್ ಅನ್ನು ನಾವೇ ಬರೆಯಬಹುದು, ಅಲ್ಲಿ ಪೈಯ ಐಪಿವಿ6 ವಿಳಾಸ ಕೊಟ್ಟರೆ ಮುಗಿಯಿತು. ಸಂಪರ್ಕ ಕೊಟ್ಟವರು ತಂದಿಟ್ಟ ನಮ್ಮ ಡಬ್ಬಿಯಲ್ಲಿ ಆ ಖಾನೆಗೇ ಬೀಗ. ಕೊನೆಗೆ ಮನೆಯೊಳಗಿನ ಐಪಿವಿ6 ಪ್ರಸಾರವನ್ನೇ ನಿಲ್ಲಿಸಿದೆ. ಐಪಿವಿ6 ಬಿಟ್ಟುಕೊಡುವುದು ನನಗೆ ಇಷ್ಟ ಇರಲಿಲ್ಲ. ಆದರೆ ನಾವು ಬಳಸುವ ಎಲ್ಲವೂ ಐಪಿವಿ4ನಲ್ಲೇ ತೆರೆಯುತ್ತದೆ. ಐಪಿವಿ6 ಬೇಕೇ ಬೇಕು ಅನ್ನುವವರು ಡಬ್ಬಿಯ ಹಿಂದೆ ತಮ್ಮದೇ ರೂಟರ್ ಹಾಕಿಕೊಳ್ಳುವುದು ಒಳ್ಳೆಯದು. ಫೋನಿನ ವೈಫೈ ಆಫ್ ಮಾಡಿ ಆನ್ ಮಾಡಿದ ಮೇಲೆ ಅಪ್ಪನ ರೇಟ್ ಪುಟದಲ್ಲಿ ಖಾಲಿ ಚೌಕಗಳು ಕಂಡವು.

ಮೂರನೇ ದಾರಿ ತಮ್ಮನ ಫೋನಿನಲ್ಲಿತ್ತು. ಆಂಡ್ರಾಯ್ಡ್‌ನ `Private DNS` ಜಾಗದಲ್ಲಿ ಅವನು ಯಾವಾಗಲೋ `dns.google` ಅಂತ ಬರೆದಿಟ್ಟಿದ್ದ. ಹಾಗೆ ಹೆಸರು ಬರೆದಿದ್ದರೆ ಫೋನ್ ಗುಪ್ತವಾಗಿ ಅಲ್ಲಿಗೇ ಕೇಳುತ್ತದೆ, ಮನೆಯ ಡಿಎನ್‌ಎಸ್ ಕಡೆ ತಿರುಗಿಯೂ ನೋಡುವುದಿಲ್ಲ. `Automatic` ಅಂತ ಇದ್ದರೆ ತೊಂದರೆ ಇಲ್ಲ.

ಇನ್ನು ಮಳೆಗಾಲ. ನಮ್ಮ ಕಡೆ ಜೋರು ಗಾಳಿ ಬಂದು ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳೋಕಾಗಲ್ಲ. ಇನ್ವರ್ಟರ್ ಕೂಡ ಖಾಲಿಯಾಗಿ ಎಲ್ಲ ಆಫ್ ಆಗುತ್ತದೆ. ಪೈ 3ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಮತ್ತೆ ಶುರುವಾದಾಗ ಕೊನೆಗೆ ಉಳಿಸಿಟ್ಟ ಸಮಯದಿಂದಲೇ ಎಣಿಸಲು ಶುರುಮಾಡುತ್ತದೆ. ಹತ್ತು ಗಂಟೆ ಕರೆಂಟ್ ಇಲ್ಲದಿದ್ದರೆ ಪೈ ಸುಮಾರು ಹತ್ತು ಗಂಟೆ ಹಿಂದೆ ಇರುತ್ತದೆ.

ಪೈ-ಹೋಲ್‌ನಲ್ಲಿ ಡಿಎನ್‌ಎಸ್‌ಸೆಕ್ ಆನ್ ಮಾಡಿದವರಿಗೆ ಇದು ತಲೆನೋವು. ಡಿಎನ್‌ಎಸ್‌ಸೆಕ್ ಅಂದರೆ ಬಂದ ಉತ್ತರಕ್ಕೆ ಸರಿಯಾದ ಸಹಿ ಇದೆಯಾ ಅಂತ ನೋಡುವುದು. ಪ್ರತಿ ಸಹಿಗೂ ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಅಂತ ಅವಧಿ ಇರುತ್ತದೆ. ಗಡಿಯಾರ ಹಿಂದಿದ್ದರೆ ಇವತ್ತು ಹಾಕಿದ ಸಹಿ ಪೈಗೆ ‘ಇನ್ನೂ ಶುರುವಾಗದ್ದು’ ಅಂತ ಕಾಣುತ್ತದೆ, ಉತ್ತರವನ್ನು ತಳ್ಳಿಹಾಕುತ್ತದೆ. ಲಾಗ್‌ನಲ್ಲಿ `BOGUS` ಅಂತ ಸಾಲುಸಾಲಾಗಿ ಬರುತ್ತದೆ. ಗಡಿಯಾರ ಸರಿಮಾಡಿಕೊಳ್ಳಲು ಪೈ ಸಮಯದ ಸರ್ವರಿನ ವಿಳಾಸ ಹುಡುಕಬೇಕು. ಆ ಹುಡುಕಾಟವೂ ತನ್ನ ಮೂಲಕವೇ ಹೋದರೆ ಅದೂ ಬಿದ್ದುಹೋಗುತ್ತದೆ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಹಾಗೆ. ಅದಕ್ಕೇ ಮೊದಲೇ ಪೈಯ ಸ್ವಂತ ಡಿಎನ್‌ಎಸ್ 1.1.1.1 ಅಂತ ಬರೆದಿದ್ದು. ಅನುಮಾನ ಬಂದರೆ ಪೈ ಒಳಗೆ `timedatectl` ಅಂತ ಕೊಡಿ, `System clock synchronized: yes` ಅಂತ ಕಾಣಬೇಕು.

ತಡೆಯಲಾಗದ್ದೂ ಇದೆ. ಯೂಟ್ಯೂಬ್ ಜಾಹೀರಾತು ಹೋಗುವುದಿಲ್ಲ. ವಿಡಿಯೋ ಬರುವ ಹೆಸರಿನಿಂದಲೇ ಜಾಹೀರಾತೂ ಬರುತ್ತದೆ, ಹೆಸರು ತಡೆದರೆ ವಿಡಿಯೋವೂ ನಿಲ್ಲುತ್ತದೆ. ಇದಕ್ಕೆ ಪಟ್ಟಿ ಇದೆ ಅನ್ನುವವರನ್ನು ನಂಬಬೇಡಿ.

ಬೇಕಾದದ್ದು ನಿಲ್ಲುವುದೂ ಉಂಟು. ಅಮ್ಮ ಗೂಗಲ್‌ನಲ್ಲಿ ಸೀರೆ ಹುಡುಕಿ ಮೇಲಿನ ಫಲಿತಾಂಶ ಒತ್ತಿದರೆ ಪುಟ ತೆರೆಯುತ್ತಿರಲಿಲ್ಲ. ಮೇಲಿರುವುದೆಲ್ಲ ದುಡ್ಡು ಕೊಟ್ಟು ಹಾಕಿಸಿದ ಫಲಿತಾಂಶ. ಅವನ್ನು ಒತ್ತಿದಾಗ ಫೋನ್ ಮೊದಲು `www.googleadservices.com` ಗೆ ಹೋಗಿ ಅಲ್ಲಿಂದ ಅಂಗಡಿಗೆ ಹೋಗಬೇಕು. ಆ ಹೆಸರು ಪಟ್ಟಿಯಲ್ಲಿದೆ. ಕೆಳಗಿನದನ್ನು ಒತ್ತಿ ಅಂತ ಹೇಳಿ ನೋಡಿದೆ, ಅಮ್ಮ ಕೇಳಲಿಲ್ಲ. ‘ಮೇಲಿರೋದೇ ಚೆನ್ನಾಗಿರುತ್ತೆ ಕಣೋ’ ಅಂದರು.

ಇಡೀ ಮನೆಗೆ ಅದನ್ನು ಬಿಡುವ ಬದಲು ಅಮ್ಮನ ಫೋನಿಗೆ ಮಾತ್ರ ಬಿಟ್ಟೆ. `Groups` ನಲ್ಲಿ ಒಂದು ಹೊಸ ಗುಂಪು, `Clients` ನಲ್ಲಿ ಅಮ್ಮನ ಫೋನನ್ನು ಆ ಗುಂಪಿಗೂ ಸೇರಿಸಿ, `Domains` ನಲ್ಲಿ ಆ ಹೆಸರಿಗೆ ಅನುಮತಿ ಕೊಟ್ಟು ಅದನ್ನು ಆ ಗುಂಪಿಗೆ ಮಾತ್ರ ಕಟ್ಟಿದರಾಯಿತು. ಹಳೆಯ `Default` ಗುಂಪಿನಿಂದ ಫೋನನ್ನು ತೆಗೆಯಬಾರದು, ತೆಗೆದರೆ ಉಳಿದ ಜಾಹೀರಾತೂ ಬರಲು ಶುರುವಾಗುತ್ತದೆ. ಫೋನನ್ನು ಐಪಿ ವಿಳಾಸದ ಬದಲು ಮ್ಯಾಕ್ ವಿಳಾಸದಿಂದ, ಅಂದರೆ ವೈಫೈಗೆ ಫೋನ್ ತೋರಿಸುವ ಗುರುತಿನ ಸಂಖ್ಯೆಯಿಂದ, ಗುರುತಿಸುವುದು ಒಳ್ಳೆಯದು. ಈಗಿನ ಫೋನುಗಳು ವೈಫೈಗೆ ಸುಳ್ಳು ಮ್ಯಾಕ್ ತೋರಿಸುತ್ತವೆ, ಆದರೂ ಸಾಮಾನ್ಯವಾಗಿ ಒಂದು ವೈಫೈಗೆ ಅದೇ ಮ್ಯಾಕ್ ಉಳಿಯುತ್ತದೆ. ವೈಫೈ ಹೆಸರು ಬದಲಾಯಿಸಿದರೆ ಅಮ್ಮನ ಫೋನನ್ನು ಮತ್ತೆ ಸೇರಿಸಬೇಕು.