ಹೊಸ ಫೋನ್ ಬೇಡ ಅಂದೆ, ಮೆಮೊರಿ ಕಾರ್ಡ್ ಹಾಕಿದೆ: ನನ್ನ ಅನುಭವ

ಮಂಡ್ಯದ ಹತ್ತಿರ ನಂದೊಂದು ಸಣ್ಣ ಮೈಕ್‌ಸೆಟ್ ಇದೆ. ಗಣೇಶನ ಪೆಂಡಾಲ್, ಮದುವೆ, ಊರಹಬ್ಬ, ಎಲ್ಲದಕ್ಕೂ ಹಾಡು ನನ್ನ ಫೋನಿನಿಂದಲೇ ಹೋಗುತ್ತದೆ. ಸ್ಟೇಜು, ಲೈಟಿಂಗ್ ಫೋಟೊ ತೆಗೆದಿಟ್ಟುಕೊಂಡು ಮುಂದಿನ ಗಿರಾಕಿಗೆ ತೋರಿಸುವುದೂ ಅದರಲ್ಲೇ. ಆದರೆ ಫೋನಿನ ಒಳಗಿರುವ ಜಾಗ 32 ಜಿಬಿ ಅಷ್ಟೆ. ಸಿಸ್ಟಮ್ಮು, ಆ್ಯಪ್ ಸೇರಿ ಹದಿಮೂರು ಜಿಬಿ ನುಂಗಿತ್ತು. ಹಾಡು ಒಂಬತ್ತು, ಫೋಟೊ ಐದು, ವಾಟ್ಸಾಪ್ ನಾಲ್ಕು. ಉಳಿದಿದ್ದು ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಒಂದು ಆರತಕ್ಷತೆಯಲ್ಲಿ ವಿಡಿಯೋ ತೆಗೆಯುವಾಗ ಮಧ್ಯದಲ್ಲೇ ನಿಂತುಹೋಯಿತು.

"ಭಾವ, ಈ ಡಬ್ಬ ಬಿಸಾಕಿ ಹೊಸಾದು ತಗೊಳ್ಳಿ. ಕಾರ್ಡ್ ಹಾಕಿದ್ರೆ ಇನ್ನೂ ಸ್ಲೋ ಆಗುತ್ತೆ" ಅಂದ ನನ್ನ ಹೆಂಡತಿಯ ತಮ್ಮ. ಮೊಬೈಲ್ ಅಂಗಡಿಯವರೂ ಅದನ್ನೇ ಹೇಳಿದರು. ಅವರಿಗೆ ಫೋನ್ ಮಾರಬೇಕಲ್ವಾ. ಹದಿನಾಲ್ಕು ಸಾವಿರ ಅಂದರೆ ನನಗೆ ಮೂರು ಹಾರ್ನ್ ಬರುತ್ತೆ ಅಂತ ನಾನು ಹಟ ಹಿಡಿದೆ.

ಮೊದಲ ಸಲ ನಾನೇ ಎಡವಿದ್ದು. ಕಾರ್ಡ್ ಹಾಕಿದ ತಕ್ಷಣ ಫೋನ್ ಎರಡು ದಾರಿ ತೋರಿಸಿತು. ಒಂದು ಪೋರ್ಟಬಲ್ ಸ್ಟೋರೇಜ್, ಅಂದರೆ ಕಾರ್ಡನ್ನು ಬೇರೆ ಜಾಗವಾಗಿಯೇ ಇಡುವುದು, ಇನ್ನೊಂದು ಇಂಟರ್ನಲ್ ಸ್ಟೋರೇಜ್ ಥರ ಬಳಸುವುದು. ಎಲ್ಲಾ ಒಂದೇ ಜಾಗ ಆಗಿಬಿಡುತ್ತೆ, ಚಿಂತೆ ಇಲ್ಲ ಅಂತ ಎರಡನೆಯದನ್ನು ಒತ್ತಿದೆ. ಆ್ಯಪ್‌ಗಳೂ ಕಾರ್ಡ್‌ಗೆ ಹೋದವು. ಅಂದಿನಿಂದ ಫೋನ್ ಎತ್ತಿನ ಗಾಡಿ. ಆ್ಯಪ್ ಅನ್ನೋದು ಸಣ್ಣ ಸಣ್ಣ ತುಂಡುಗಳನ್ನು ಸದಾ ಓದುತ್ತಾ, ಬರೆಯುತ್ತಾ ಇರುತ್ತದೆ. ಆ ಕೆಲಸಕ್ಕೆ ಫೋನಿನ ಒಳಗಿನ ಮೆಮೊರಿಯ ಮುಂದೆ ಸಾಧಾರಣ ಕಾರ್ಡ್ ಏನೂ ಅಲ್ಲ.

ನಿಧಾನವನ್ನಾದರೂ ಸಹಿಸಬಹುದಿತ್ತು. ಆಮೇಲೆ ಒಂದು ಮಳೆಯಲ್ಲಿ ಫೋನ್ ನೆನೆದು ಬೋರ್ಡ್ ಹೋಯಿತು. ಕಾರ್ಡ್ ಚೆನ್ನಾಗಿದೆಯಲ್ಲ ಅಂತ ಹಳೆಯದೊಂದು ಫೋನಿಗೆ ಹಾಕಿದೆ. ಫಾರ್ಮ್ಯಾಟ್ ಮಾಡು ಅಂತ ಕೇಳಿತು. ಕಂಪ್ಯೂಟರೂ ಓದಲಿಲ್ಲ. ಇಂಟರ್ನಲ್ ಮಾಡಿದ ಕಾರ್ಡ್‌ಗೆ ಆ ಫೋನೇ ಬೀಗ ಹಾಕಿರುತ್ತದೆ, ಬೀಗದ ಕೈ ಆ ಫೋನಿನಲ್ಲೇ ಇರುತ್ತದೆ. ಫೋನ್ ಸತ್ತರೆ ಕಾರ್ಡೂ ಸತ್ತ ಹಾಗೆ. ಮೇಲುಕೋಟೆ ವೈರಮುಡಿಯ ರಾತ್ರಿ ತೆಗೆದಿದ್ದ ಸುಮಾರು ಮುನ್ನೂರು ಫೋಟೊ ಅದರಲ್ಲೇ ಉಳಿದವು.

ಬೋರ್ಡ್ ಬದಲಾಯಿಸಿ ಅದೇ ಫೋನ್ ಎದ್ದಿತು, ಒಂದೂವರೆ ಸಾವಿರ ಹೋಯಿತು. ಬೋರ್ಡ್ ಬೇರೆ ಆದ್ದರಿಂದ ಹಳೆ ಕಾರ್ಡ್ ಮಾತ್ರ ತೆರೆಯಲಿಲ್ಲ. ಎರಡನೇ ತಪ್ಪು ದುರಾಸೆಯದು. ಮೈಸೂರಿನಲ್ಲಿ ರಸ್ತೆ ಬದಿ 512 ಜಿಬಿ ಕಾರ್ಡ್ ಏಳುನೂರಕ್ಕೆ ಸಿಕ್ಕಿತು. ಫೋನಿಗೆ ಹಾಕಿದರೆ ಅಷ್ಟೂ ಜಾಗ ತೋರಿಸಿತು. ಎರಡು ತಿಂಗಳು ಏನೂ ತೊಂದರೆ ಇಲ್ಲ. ಆಮೇಲೆ ಹೊಸ ಫೋಟೊಗಳ ಅರ್ಧ ಬೂದು ಬಣ್ಣ, ಹಾಡು ಶುರುವಾಗಿ ಕಟ್. ಸೈಬರ್ ಸೆಂಟರ್ ಗೆಳೆಯ ಕಾರ್ಡ್‌ನ ನಿಜವಾದ ಜಾಗ ಪರೀಕ್ಷಿಸುವ H2testw ಅನ್ನೋ ಸಾಫ್ಟ್‌ವೇರ್ ಹಾಕಿ ರಾತ್ರಿಯೆಲ್ಲಾ ಬಿಟ್ಟ. ಮರುದಿನ ಮಧ್ಯಾಹ್ನ ಬಂದ ಉತ್ತರ: "The media is likely to be defective." ಒಳಗೆ ನಿಜಕ್ಕೂ ಇದ್ದ ಜಾಗ 30 ಜಿಬಿ ಚಿಲ್ಲರೆ. ಉಳಿದಿದ್ದೆಲ್ಲಾ ಬರೀ ಬಾಯಿಮಾತು. ಅದು ತುಂಬೋವರೆಗೆ ಮೋಸ ಗೊತ್ತೇ ಆಗುವುದಿಲ್ಲ, ಅದಕ್ಕೇ ಈಗ ಹೊಸ ಕಾರ್ಡ್ ಬಂದರೆ ಮೊದಲು ಈ ಪರೀಕ್ಷೆ. 64 ಜಿಬಿಗೆ ನನ್ನ ಹಳೇ ರೀಡರ್‌ನಲ್ಲಿ ಎರಡು ಗಂಟೆ ಮೇಲಾಗುತ್ತದೆ. ಅಂದ ಹಾಗೆ 64ರ ಕಾರ್ಡ್ ಫೋನಿನಲ್ಲಿ 59 ಚಿಲ್ಲರೆ ಅಂತ ತೋರಿಸಿದರೆ ಗಾಬರಿ ಬೇಡ, ಅದು ಎಣಿಸುವ ರೀತಿಯ ವ್ಯತ್ಯಾಸ, ಮೋಸ ಅಲ್ಲ.

ಮೂರನೇ ಸಲ ಸರಿಹೋಯಿತು. 64 ಜಿಬಿ ಒಳ್ಳೆ ಕಾರ್ಡ್, ಆರುನೂರು ರೂಪಾಯಿ ಆಸುಪಾಸು, ಪೋರ್ಟಬಲ್ ಆಗಿಯೇ ಇಟ್ಟೆ. ನನ್ನ ಫೋನಿನಲ್ಲಿ ಕಾರ್ಡ್ ಹಾಕಿದರೆ ಎರಡನೇ ಸಿಮ್‌ಗೆ ಜಾಗ ಇಲ್ಲ. ಆ ಸಿಮ್ ಈಗ ಕೀಪ್ಯಾಡ್ ಫೋನಿನಲ್ಲಿದೆ.

ನಾನು ಹಾಕಿಕೊಂಡ ಲೆಕ್ಕ ಇಷ್ಟೆ. ಮತ್ತೆ ಬದಲಾಗದೆ ಸುಮ್ನೆ ಬಿದ್ದಿರುವ ಫೈಲ್ ಕಾರ್ಡ್‌ಗೆ, ಆ್ಯಪ್ ದಿನಾ ಕೈಯಾಡಿಸುವ ಫೈಲ್ ಒಳಗೆ. ಹಾಡು ಒಂದು ಸಲ ಹಾಕಿದರೆ ಮುಗಿಯಿತು, ಬರೀ ಓದುವುದಷ್ಟೆ. ಹಾಗಾಗಿ ಹಾಡು ಪೂರಾ ಕಾರ್ಡ್‌ನಲ್ಲಿ. ಈಗ ನಾಲ್ಕು ಸಾವಿರದ ಹತ್ತಿರ ಇದೆ, ಹಾಡಿಗೆ ಐದು ಎಂಬಿ ಅಂದರೂ ಇಪ್ಪತ್ತು ಜಿಬಿ. ಆ್ಯಪ್ ಎಲ್ಲಾ ಒಳಗೆ.

ಫೋಟೊ ವಿಷಯದಲ್ಲಿ ಮಾತ್ರ ಎರಡು ಹೆಜ್ಜೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ನೇರ ಕಾರ್ಡ್‌ಗೇ ಸೇವ್ ಆಗುವ ಹಾಗೆ ಮಾಡಿ ನೋಡಿದೆ. ಒಂದೊಂದು ಫೋಟೊಗೆ ಪರವಾಗಿಲ್ಲ. ಆರತಿ ಹೊತ್ತಿನಲ್ಲಿ ಪಟಪಟ ಒತ್ತಿದಾಗ ತಡವರಿಸಿತು. ಅದಕ್ಕೇ ತೆಗೆಯುವುದು ಒಳಗೆ, ಭಾನುವಾರ DCIM ಫೋಲ್ಡರಿನಿಂದ ಕಾರ್ಡ್‌ಗೆ ಸಾಗಿಸುವುದು. 'ಮೂವ್' ಒತ್ತುವುದಿಲ್ಲ. ಕಾಪಿ ಮಾಡಿ, ಎರಡೂ ಕಡೆ ಎಷ್ಟು ಫೈಲು, ಎಷ್ಟು ಎಂಬಿ ಅಂತ ತಾಳೆ ನೋಡಿ, ಕೊನೆಯ ವಿಡಿಯೋ ಒಂದನ್ನು ಕಾರ್ಡ್‌ನಿಂದಲೇ ಓಡಿಸಿ, ಆಮೇಲೆ ಒಳಗಿನದನ್ನು ಅಳಿಸುತ್ತೇನೆ. ಒಮ್ಮೆ ಮೂವ್ ಮಾಡುವಾಗ ಬ್ಯಾಟರಿ ಹೋಗಿ ಮದುವೆಮನೆಯ ನಲವತ್ತು ಫೋಟೊ ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ವಾಟ್ಸಾಪ್ ಫೋಲ್ಡರನ್ನು ಹಾಗೇ ಎತ್ತಿ ಕಾರ್ಡ್‌ಗೆ ಹಾಕಬೇಡಿ. ಅದು Android/media/com.whatsapp ಒಳಗೆ ಫೋನಿನಲ್ಲೇ ಹುಡುಕುತ್ತದೆ. ನಾನು ಎತ್ತಿದ ದಿನ ಹಳೆ ಆರ್ಡರ್ ಮಾತುಕತೆಯಲ್ಲಿನ ಫೋಟೊ ಯಾವುದೂ ತೆರೆಯಲಿಲ್ಲ. ಬೇಕಾದ ನಾಲ್ಕು ಚಿತ್ರ ಮಾತ್ರ ಕಾಪಿ ಮಾಡಿ, ಉಳಿದ ಗುಡ್ ಮಾರ್ನಿಂಗ್‌ಗಳನ್ನು ಅಳಿಸಿದರೆ ಸಾಕು. ಇನ್ನೊಂದು ತಮಾಷೆ, ವಾಟ್ಸಾಪ್ ಫೋಟೊ ಒಳಗೆ ತೆಗೆದ ತಾರೀಖು ಇರುವುದಿಲ್ಲ. ಕಾಪಿ ಮಾಡಿದರೆ ಮೂರು ವರ್ಷದ ಹಿಂದಿನ ಮದುವೆ ಗ್ಯಾಲರಿಯಲ್ಲಿ ಇವತ್ತಿನದಾಗಿ ಕೂರುತ್ತದೆ. ನಾನು ವರ್ಷ, ತಿಂಗಳು, ಊರು ಅಂತ ಫೋಲ್ಡರ್ ಮಾಡಿ ಹಾಕುತ್ತೇನೆ.

ಫೋನಿನ ಕಾರ್ಡನ್ನೇ ಆಂಪ್ಲಿಫೈಯರ್‌ಗೆ ಹಾಕೋಣ ಅಂತ ಒಂದು ಪ್ರಯೋಗವೂ ನಡೆಯಿತು. ಓದಲೇ ಇಲ್ಲ. 64ರ ಕಾರ್ಡ್ ಬರುವುದು ಎಕ್ಸ್‌ಫ್ಯಾಟ್ ಅನ್ನೋ ಫಾರ್ಮ್ಯಾಟ್‌ನಲ್ಲಿ, ನನ್ನ ಹಳೇ ಪ್ಲೇಯರ್‌ಗೆ ಗೊತ್ತಿರುವುದು ಫ್ಯಾಟ್32 ಮಾತ್ರ. ಅದಕ್ಕೆ 16 ಜಿಬಿಯದೊಂದು ಬೇರೆ ಇಟ್ಟೆ. ಅಲ್ಲಿ ಇನ್ನೊಂದು ಪೇಚು. ಈ ಅಗ್ಗದ ಪ್ಲೇಯರ್ ಹೆಸರಿನ ಕ್ರಮ ನೋಡುವುದಿಲ್ಲ, ಕಾಪಿ ಮಾಡಿದ ಕ್ರಮದಲ್ಲೇ ಹಾಡುತ್ತದೆ. ಬೆಳಗಿನ ಐದಕ್ಕೆ ಸುಪ್ರಭಾತ ಬರಬೇಕಾದ ಕಡೆ ಡ್ಯಾನ್ಸ್ ಹಾಡು ಬಂದು ಪೂಜಾರಪ್ಪ ಬೈದಿದ್ದು ಇನ್ನೂ ಕಿವಿಯಲ್ಲಿದೆ. ಈಗ ಸುಪ್ರಭಾತ ಮೊದಲು ಕಾಪಿ, ಆಮೇಲೆ ಉಳಿದದ್ದು. ಎಲ್ಲವನ್ನೂ ಒಂದೇ ಏಟಿಗೆ ಸರಿ ಕ್ರಮಕ್ಕೆ ತರುವ ಉಪಾಯವೂ ಇದೆ. ಅದನ್ನು ಇಲ್ಲಿ ಹೇಳಲ್ಲ, ನಮ್ಮ ಊರಿನಲ್ಲೇ ಇನ್ನೂ ಎರಡು ಮೈಕ್‌ಸೆಟ್ ಇವೆ.

ಮೂರು ವರ್ಷದ ಮೇಲೆ ಆ ಕಾರ್ಡೂ ಕೈಕೊಟ್ಟಿತು. ಅಳಿಸಿದ ಫೋಟೊ ಫೋನ್ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಪ್ರತ್ಯಕ್ಷ. ಹೊಸದಾಗಿ ಹಾಕಿದ್ದು ಮಾಯ. ಅದು ಬರೆಯುವ ಶಕ್ತಿ ಕಳೆದುಕೊಂಡು ಓದಲು ಮಾತ್ರ ಉಳಿದ ಗುರುತು. ಅವತ್ತೇ ಎಲ್ಲವನ್ನೂ ಕಂಪ್ಯೂಟರ್‌ಗೆ ಇಳಿಸಿಕೊಂಡೆ, ಒಂದು ಹಾಡೂ ಹೋಗಲಿಲ್ಲ. ಈಗ ಅದೇ ಅಳತೆಯ ಎರಡು ಕಾರ್ಡ್. ಒಂದು ಫೋನಿನಲ್ಲಿ, ಇನ್ನೊಂದು ತಿಂಗಳಿಗೊಮ್ಮೆ ನಕಲು ಮಾಡಿ ಬೀರುವಿನಲ್ಲಿ.

ಖೋಟಾ ಕಾರ್ಡ್, ಬೀಗ ಬಿದ್ದ ಕಾರ್ಡ್, ರಿಪೇರಿ, ರೀಡರ್, ಎಲ್ಲಾ ಸೇರಿ ಐದು ಸಾವಿರದ ಒಳಗೆ ಮುಗಿದಿದೆ. ಮೊದಲೇ ಗೊತ್ತಿದ್ದರೆ ಎರಡು ಸಾವಿರ ಸಾಕಿತ್ತು. ಭಾಮೈದ ಹೊಸ ಫೋನ್ ತಗೊಂಡ, ಅದಕ್ಕೆ ಕಾರ್ಡ್ ಹಾಕುವ ಜಾಗವೇ ಇಲ್ಲ. ಹೋದ ತಿಂಗಳು ಮಗಳ ನಾಮಕರಣದ ವಿಡಿಯೋ ಇಡಲು ಜಾಗ ಇಲ್ಲದೆ ನನ್ನ ಬೀರುವಿನ ಕಾರ್ಡ್ ಕೇಳಿಕೊಂಡು ಬಂದಿದ್ದ.