ಎರಡು ಗಂಟೆಯ ಟಾಕಿಗೆ ಒಂದು ಮಳೆಹನಿ: ನನ್ನ ಅನುಭವ

ನಾನು ಉಡುಪಿ ಕಡೆ ಹಳೆ ಹಂಚಿನ ಮನೆಗಳ ರಿಪೇರಿ ಕೆಲಸ ಮಾಡುವವ. ಐದಾರು ವರ್ಷದಿಂದ ಮಳೆಗಾಲ ಶುರುವಾಗುವ ಮೊದಲು, ಏಪ್ರಿಲ್ ಮೇಯಲ್ಲಿ, ಮನೆಯವರಿಗೆ ಅಂತ ಒಂದು ಟಾಕ್ ಕೊಡ್ತಾ ಇದ್ದೇನೆ, ಸೋರುದು ಯಾಕೆ, ಎಲ್ಲಿ ನೋಡ್ಬೇಕು, ಯಾವುದು ಮೊದಲು ಸರಿ ಮಾಡಿಸ್ಬೇಕು ಅಂತ. ಚಹಾ ಬಿಡುವು ಬಿಟ್ಟು ಸರೀ ಎರಡು ಗಂಟೆ ಆಗ್ತದೆ, ಕಡಿಮೆ ಮಾಡ್ಲಿಕ್ಕೆ ನೋಡಿದ್ರೆ ಆಗುದಿಲ್ಲ, ಯಾಕಂದ್ರೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರಲ್ಲಿ ಹಂಚು ಮಾತ್ರ ನೋಡಿ ಗೋಡೆ ಬಿಟ್ರೆ ಅರ್ಧ ಕೆಲಸ ಆದ ಹಾಗೆ. ಇಷ್ಟು ಉದ್ದದ ಟಾಕಿನಲ್ಲಿ ಈಗ ಎಲ್ಲಿದ್ದೇವೆ, ಇನ್ನೆಷ್ಟುಂಟು ಅಂತ ಕೂತವರಿಗೆ ತೋರಿಸ್ಲಿಕ್ಕೆ ನಾನು ಒಂದು ಮಳೆಹನಿಯ ಚಿತ್ರ ಇಟ್ಟುಕೊಂಡದ್ದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಮೊದಲನೇ ವರ್ಷ ಒಂದು ಹಾಲಲ್ಲಿ ಟಾಕ್ ಮುಗಿಸಿ ಬರುವಾಗ ಮುಂದಿನ ಸಾಲಲ್ಲಿ ಕೂತಿದ್ದ ಒಬ್ಬ ಅಜ್ಜ ಕೈ ಹಿಡಿದು ನಿಲ್ಲಿಸಿದ್ರು. "ನೋಡಿ ಮಾರಾಯ್ರೆ, ನಾನು ರಾತ್ರಿ ಇಡೀ ಯಕ್ಷಗಾನ ಆಟ ನೋಡುವವ, ನಡುವೆ ಒಂದು ನಿದ್ದೆ ತೆಗೆದು ಎದ್ರೂ ರಂಗಸ್ಥಳದಲ್ಲಿ ಯಾವ ವೇಷ ಉಂಟು ಅಂತ ನೋಡಿದ್ರೆ ಕಥೆ ಎಲ್ಲಿಗೆ ಬಂತು, ಬೆಳಗಾಗ್ಲಿಕ್ಕೆ ಎಷ್ಟುಂಟು ಅಂತ ಅಂದಾಜಾಗ್ತದೆ. ನಿಮ್ಮದ್ರಲ್ಲಿ ಒಂದು ನಿಮಿಷ ಹೊರಗೆ ಹೋಗಿ ಬಂದೆ, ಮತ್ತೆ ಎಲ್ಲಿದ್ದೇವೆ ಅಂತ ಗೊತ್ತೇ ಆಗ್ಲಿಲ್ಲ." ನನಗೆ ಆ ಮಾತು ತುಂಬ ತಾಗಿತು, ಯಾಕಂದ್ರೆ ಅವರ ಮನೆ ಗೋಡೆಗೇ ಬೇಕಾದ ವಿಷಯ ಅವರು ಹೊರಗೆ ಹೋದಾಗ ಬಂದಿತ್ತು, ವಾಪಸ್ ಬಂದು ಕೂತ ಮೇಲೆ ಅವರಿಗೆ ಅದು ತಪ್ಪಿಹೋಯ್ತು ಅಂತಲೂ ಗೊತ್ತಾಗ್ಲಿಲ್ಲ.

ಮುಂದಿನ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವುದೇ. ಸ್ಲೈಡಿನ ಕೆಳಗೆ ಒಂದು ಪಟ್ಟಿ, ಸ್ಲೈಡ್ ಮುಂದೆ ಹೋದ ಹಾಗೆ ನೀಲಿ ಬಣ್ಣ ತುಂಬುತ್ತಾ ಹೋಗುದು. ಅದು ಎರಡು ಕಾರಣಕ್ಕೆ ಕೆಲಸ ಮಾಡ್ಲಿಲ್ಲ. ನಮ್ಮ ಹಾಲುಗಳಲ್ಲಿ ನೆಲ ಸಪಾಟು, ಪರದೆ ತಗ್ಗಿನಲ್ಲಿರ್ತದೆ, ಮೂರನೇ ಸಾಲಿನಿಂದ ಹಿಂದೆ ಕೂತವರಿಗೆ ಪರದೆಯ ಕೆಳಗಿನ ಒಂದಡಿ ಮುಂದಿನವರ ತಲೆಯಲ್ಲೇ ಮುಚ್ಚಿಹೋಗ್ತದೆ. ಇನ್ನೊಂದು, ಪಟ್ಟಿ ಲೆಕ್ಕ ಹಾಕುದು ಸ್ಲೈಡನ್ನು, ಟೈಮನ್ನಲ್ಲ. ಒಡೆದ ಹಂಚಿನ ಇಪ್ಪತ್ತು ಫೋಟೋ ಐದು ನಿಮಿಷದಲ್ಲಿ ಓಡ್ತದೆ, ಪಟ್ಟಿ ಜಿಗಿದು ಮುಂದೆ ಹೋಗ್ತದೆ, ಮತ್ತೆ ಗೋಡೆಯ ಒಂದೇ ಚಿತ್ರದಲ್ಲಿ ಹನ್ನೆರಡು ನಿಮಿಷ ಮಾತಾಡುವಾಗ ಅದು ಅಲುಗಾಡುದಿಲ್ಲ. ಜನ ಅದನ್ನು ನಂಬುದು ಬಿಟ್ರು, ವಾಚ್ ನೋಡ್ಲಿಕ್ಕೆ ಶುರು ಮಾಡಿದ್ರು. ಇನ್ನೂ ದೊಡ್ಡ ಕೊರತೆ ಎಂತದ್ದಂದ್ರೆ ಪಟ್ಟಿ ಎಷ್ಟು ಮುಗಿಯಿತು ಅಂತ ಮಾತ್ರ ಹೇಳ್ತದೆ, ಯಾವುದರ ಬಗ್ಗೆ ಮಾತು ನಡೀತಾ ಉಂಟು ಅಂತ ಹೇಳುದಿಲ್ಲ. ಆ ಅಜ್ಜ ಕೇಳಿದ್ದು ಎರಡನ್ನೂ.

ಹನಿಯ ಯೋಚನೆ ಬಂದದ್ದು ಕೆಲಸದಲ್ಲೇ. ಸೋರುವ ಮನೆಗೆ ಹೋದ್ರೆ ನಾನು ಯಾವಾಗ್ಲೂ ನೀರಿನ ದಾರಿ ಹಿಡಿದು ನೋಡುದು, ಮೇಲೆ ಹಂಚಿಂದ ಶುರು ಮಾಡಿ ಹಂಚಿನಡಿಯ ಮರದ ರೀಪು ಪಕ್ಕಾಸಿಗೆ, ಅಲ್ಲಿಂದ ಗೋಡೆಗೆ, ಗೋಡೆಯಿಂದ ಪಂಚಾಂಗ ಅಂದ್ರೆ ಮನೆಯ ತಳಪಾಯದ ಕಟ್ಟೆಗೆ, ಕೊನೆಗೆ ಅಂಗಳ ದಾಟಿ ನೀರು ಹರಿದುಹೋಗುವ ತೋಡಿಗೆ. ಟಾಕಿನ ಭಾಗಗಳೂ ಹೆಚ್ಚು ಕಡಿಮೆ ಅದೇ ಕ್ರಮದಲ್ಲಿದ್ವು. ಹಾಗಾದ್ರೆ ಮನೆಯನ್ನು ನಡುವಿಗೆ ಸೀಳಿದ ಹಾಗೆ ಒಂದು ಗೆರೆಚಿತ್ರ ಬರೆದು ಅದರ ಮೇಲೆ ಒಂದು ಹನಿ ಇಟ್ಟು, ಭಾಗ ಮುಗಿದ ಹಾಗೆ ಅದನ್ನು ಕೆಳಗೆ ಇಳಿಸ್ತಾ ಹೋದ್ರೆ ಸಾಕಲ್ಲ ಅಂತ ಅನ್ನಿಸ್ತು. ಹನಿ ಎಲ್ಲಿ ಅಂತ ನೋಡಿದ್ರೆ ವಿಷಯ ಗೊತ್ತಾಗ್ತದೆ, ಇಡೀ ಮನೆ ಕಾಣುವುದರಿಂದ ಇನ್ನೆಷ್ಟುಂಟು ಅಂತಲೂ ಗೊತ್ತಾಗ್ತದೆ. ಇಳಿದು ಬಂದ ದಾರಿಗೆ ನೀಲಿ ತುಂಬಿಸಿದೆ, ಮುಂದಿನದ್ದು ಬರೀ ಗೆರೆ. ಮೊದಲು ಮುಗಿದದ್ದಕ್ಕೆ ಹಸಿರು, ಬಾಕಿಗೆ ಕೆಂಪು ಇಟ್ಟಿದ್ದೆ, ಆದ್ರೆ ಹಗಲು ಕಿಟಕಿ ತೆರೆದ ಹಾಲಲ್ಲಿ ಪ್ರೊಜೆಕ್ಟರಿನ ಬಣ್ಣ ಎಲ್ಲ ತೊಳೆದು ಹೋಗ್ತದೆ, ಹಸಿರು ಕೆಂಪು ಬೇರೆ ಮಾಡ್ಲಿಕ್ಕೆ ಆಗದ ಕಣ್ಣಿನವರೂ ಇರ್ತಾರೆ. ತುಂಬಿದ್ದು, ಖಾಲಿ ಇದ್ದದ್ದು, ಈ ವ್ಯತ್ಯಾಸ ಬಣ್ಣ ಹೋದ್ರೂ ಉಳೀತದೆ.

ಅಳತೆ ನಾನು ಲೆಕ್ಕ ಹಾಕಿಯೇ ಇಟ್ಟದ್ದು. ಪವರ್‌ಪಾಯಿಂಟಿನ ಅಗಲದ ಸ್ಲೈಡ್ 13.33 ಇಂಚು ಅಗಲ. ಎಂಟು ಅಡಿ ಅಗಲದ ಪರದೆಯಲ್ಲಿ ಅದು ತೋರುವಾಗ ಸ್ಲೈಡಿನ ಒಂದು ಇಂಚು ಪರದೆಯಲ್ಲಿ ಸುಮಾರು ಏಳು ಇಂಚಾಗ್ತದೆ. ಮೊದಲು ಹನಿಯನ್ನು ಹತ್ತನೇ ಒಂದು ಇಂಚು ಮಾಡಿದ್ದೆ, ಪರದೆಯಲ್ಲಿ ಮುಕ್ಕಾಲು ಇಂಚೂ ಇಲ್ಲ, ನಲವತ್ತು ಅಡಿ ಹಿಂದೆ ಹೋಗಿ ನಿಂತು ನೋಡಿದ್ರೆ ಧೂಳಿನ ಹಾಗೆ ಕಾಣ್ತಿತ್ತು. ಈಗ ಹನಿ 0.3 ಇಂಚು, ಅಂದ್ರೆ ಪರದೆಯಲ್ಲಿ ಎರಡು ಇಂಚು, ಮನೆ ಸ್ಲೈಡಿನಲ್ಲಿ ಎರಡು ಇಂಚು ಅಗಲ, ಪರದೆಯಲ್ಲಿ ಒಂದಡಿ ಚಿಲ್ಲರೆ. ಜಾಗ ಬಲಗಡೆ ಮೇಲಿನ ಮೂಲೆ, ಯಾರ ತಲೆಯೂ ಅಡ್ಡ ಬರುದಿಲ್ಲ. ಹಾಲಿಗೆ ಮೊದಲೇ ಹೋಗಿ ಕೊನೇ ಸಾಲಲ್ಲಿ ಕೂತು ನೋಡುದನ್ನು ನಾನು ಈಗ್ಲೂ ತಪ್ಪಿಸುದಿಲ್ಲ.

ಪ್ರತಿ ಸ್ಲೈಡಿಗೆ ಚಿತ್ರ ಅಂಟಿಸುದು ಬೇಡ, ಆಮೇಲೆ ಕ್ರಮ ಬದಲಿಸಿದ್ರೆ ತಲೆನೋವು. `View` ಒಳಗೆ `Slide Master` ತೆರೆದು ಒಂದು ಲೇಔಟಿನ ಮೂಲೆಗೆ ಮನೆ ಹಾಕಿ, ಅದನ್ನು ಭಾಗಕ್ಕೊಂದರ ಹಾಗೆ ಡುಪ್ಲಿಕೇಟ್ ಮಾಡಿ, ಒಂದೊಂದರಲ್ಲಿ ಹನಿಯನ್ನು ಅದರದರ ಜಾಗಕ್ಕೆ ಸರಿಸಿ "ಹಂಚು", "ಪಕ್ಕಾಸು" ಅಂತ ಹೆಸರು ಕೊಟ್ರೆ ಆಯ್ತು. ಆಮೇಲೆ ಸ್ಲೈಡುಗಳನ್ನು ಒಟ್ಟಿಗೆ ಸೆಲೆಕ್ಟ್ ಮಾಡಿ `Home` ಒಳಗಿನ `Layout` ಬದಲಿಸಿದ್ರೆ ಹನಿ ತಾನಾಗಿ ಸರಿಯಾದ ಕಡೆ ಬರ್ತದೆ. ಒಂದು ತೊಂದರೆ ಉಂಟು, ಲೇಔಟಿನಲ್ಲಿರುವುದು ಯಾವಾಗ್ಲೂ ಸ್ಲೈಡಿನ ಸಾಮಾನಿನ ಅಡಿಗೆ ಇರ್ತದೆ, ಸ್ಲೈಡ್ ತುಂಬ ಫೋಟೋ ಹಾಕಿದ್ರೆ ಮನೆಯೇ ಮುಚ್ಚಿಹೋಗ್ತದೆ. ಸಾಧಾರಣ ಫೋಟೋವನ್ನು ನಾನು ಎಡಕ್ಕೆ ಕತ್ತರಿಸಿ ಇಡ್ತೇನೆ, ಆದ್ರೆ ಗೋಡೆಯ ಕೂದಲೆಳೆ ಬಿರುಕು ತೋರಿಸುವಾಗ ಇಡೀ ಜಾಗ ಬೇಕೇ ಬೇಕು.

ಆ ಕೊರತೆಗೆ ಮಾಡಿದ ಉಪಾಯವೇ ಈಗ ನನ್ನ ಮುಖ್ಯ ಸಾಧನ. ಅದೇ ಮನೆಯ ಚಿತ್ರ ಮೂರು ಅಡಿ ನಾಲ್ಕು ಅಡಿ ಫ್ಲೆಕ್ಸಿನಲ್ಲಿ ಪ್ರಿಂಟ್ ಮಾಡಿಸಿ ಬೋರ್ಡಿಗೆ ಅಂಟಿಸಿದೆ, ನೀಲಿ ಕಾರ್ಡ್‌ಬೋರ್ಡಿನ ಹನಿಗೆ ಹಿಂದೆ ವೆಲ್ಕ್ರೋ. ಭಾಗ ಮುಗಿದ ಕೂಡ್ಲೇ ನಾನೇ ನಡೆದು ಹೋಗಿ ಹನಿ ಕೆಳಗೆ ಇಳಿಸ್ತೇನೆ, "ಹಂಚು ಮುಗೀತು, ಈಗ ನೀರು ಪಕ್ಕಾಸಿಗೆ ಬಂತು" ಅಂತ ಬಾಯಲ್ಲೂ ಹೇಳ್ತೇನೆ. ಹೇಳದೆ ಬರೀ ಹನಿ ಸರಿಸಿದ್ರೆ ಅರ್ಧ ಜನ ನೋಡುದೇ ಇಲ್ಲ, ಇದು ನಾಲ್ಕೈದು ಸಲ ನೋಡಿ ಗೊತ್ತಾದದ್ದು. ಆ ಹತ್ತು ಹದಿನೈದು ಸೆಕೆಂಡಿನಲ್ಲಿ ಜನ ಬೆನ್ನು ನೆಟ್ಟಗೆ ಮಾಡ್ತಾರೆ, ಬರೆಯುವವರು ಬರೆದು ಮುಗಿಸ್ತಾರೆ, ನನಗೂ ಒಂದು ಗುಟುಕು ನೀರು.

ಪ್ರಶ್ನೆಗಳಿಗೂ ಬೋರ್ಡೇ ಜಾಗ ಆಯ್ತು. ಹಂಚಿನ ಬಗ್ಗೆ ಹೇಳುವಾಗಲೇ ಯಾರಾದ್ರೂ ಅಂಗಳದಲ್ಲಿ ನೀರು ನಿಲ್ತದೆ ಎಂತ ಮಾಡುದು ಅಂತ ಕೇಳ್ತಾರೆ, ಆಗ ಹಳದಿ ಚೀಟಿಯಲ್ಲಿ ಬರೆದು ಚಿತ್ರದ ಅಂಗಳದ ಮೇಲೆ ಅಂಟಿಸ್ತೇನೆ, ಹನಿ ಅಲ್ಲಿಗೆ ಬಂದಾಗ ಉತ್ತರ ಹೇಳಿ ಚೀಟಿ ಕೀಳ್ತೇನೆ. ಒಮ್ಮೆ ಒಂದು ಚೀಟಿ ಬಿಟ್ಟುಹೋಗಿ, ಕೇಳಿದ್ದ ಅಕ್ಕ ಕೊನೇವರೆಗೆ ಕಾದು ಬೇಜಾರಲ್ಲಿ ಎದ್ದುಹೋದ್ರು. ಈಗ ಹನಿ ಇರುವ ಜಾಗದಲ್ಲಿ ಚೀಟಿ ಉಳಿದಿದ್ರೆ ಹನಿಯನ್ನು ಮುಂದೆ ಸರಿಸುದಿಲ್ಲ ಅಂತ ನನಗೆ ನಾನೇ ನಿಯಮ ಹಾಕಿಕೊಂಡಿದ್ದೇನೆ.

ಗೋಡೆಯ ಭಾಗ ತುಂಬ ಕಾಡಿತು. ಮುರಕಲ್ಲು ನೀರು ಹೀರುವ ಕಲ್ಲು, ಹಳೆ ಸುಣ್ಣದ ಗಾರೆಯ ಗೋಡೆಗೆ ಹೊರಗಿಂದ ಸಿಮೆಂಟು ಬಳಿದ್ರೆ ಬಿರುಕಿನಿಂದ ಒಳಗೆ ಹೋದ ನೀರು ವಾಪಸ್ ಆರಿಹೋಗ್ಲಿಕ್ಕೆ ದಾರಿ ಸಿಗುದಿಲ್ಲ, ಒಳಗಿನ ಬದಿ ಬಣ್ಣ ಏಳ್ತದೆ. ಇದನ್ನು ಬಿಡಿಸಿ ಹೇಳ್ಲಿಕ್ಕೆ ಮೂವತ್ತೈದು ನಿಮಿಷ ಬೇಕು, ಉಳಿದ ಭಾಗಗಳು ಹದಿನೈದು ಇಪ್ಪತ್ತು. ಹನಿ ಗೋಡೆಯಲ್ಲೇ ನಿಂತು ಬಿಟ್ಟಾಗ ಜನರಿಗೆ ಟಾಕೇ ಸಿಕ್ಕಿಹಾಕಿಕೊಂಡ ಹಾಗೆ ಅನ್ನಿಸ್ತದೆ, ಹಿಂದಿನ ಸಾಲಿನಲ್ಲಿ ಮೊಬೈಲ್ ಬೆಳಕು ಕಾಣ್ಲಿಕ್ಕೆ ಶುರುವಾದದ್ದು ಯಾವಾಗ್ಲೂ ಅಲ್ಲೇ. ಹಾಗಾಗಿ ಗೋಡೆಯಲ್ಲಿ ಮೂರು ತಂಗುದಾಣ ಮಾಡಿದೆ, ಕಿಟಕಿಯ ಮೇಲೆ, ಸಾರಣೆ, ಗೋಡೆಯ ಬುಡ. ವಿಷಯ ಅಷ್ಟೇ, ಹನಿ ಹನ್ನೆರಡು ನಿಮಿಷಕ್ಕೊಮ್ಮೆ ಇಳೀತದೆ. ಹಾಗಂತ ತೀರ ಸಣ್ಣ ಮಾಡಿದ್ರೂ ಆಗುದಿಲ್ಲ, ಒಮ್ಮೆ ಹದಿನಾಲ್ಕು ನಿಲ್ದಾಣ ಮಾಡಿ ನೋಡಿದೆ, ಜನ ನನ್ನ ಮಾತು ಬಿಟ್ಟು ಹನಿಯನ್ನೇ ಕಾಯ್ಲಿಕ್ಕೆ ಶುರು ಮಾಡಿದ್ರು. ನನಗೆ ಏಳು ಸರಿ ಬಂತು.

ಖರ್ಚು ಮತ್ತು ಕಂಟ್ರಾಕ್ಟರ್ ಜೊತೆ ಮಾತಾಡುವ ಭಾಗ ಹನಿಯ ದಾರಿಯಲ್ಲಿ ಬರುವುದೇ ಇಲ್ಲ. ಮೊದಲು ಅದನ್ನು ಜಗಲಿಯಲ್ಲಿ ಕೂರಿಸಿದ್ದೆ, ಜಗಲಿಯಲ್ಲಿ ಕೂತು ಮಾತಾಡ್ತೇವಲ್ಲ ಅಂತ. ಆದ್ರೆ ಮೂರು ನಾಲ್ಕು ಜನ ಜಗಲಿಗೆ ನೀರು ಬರುದರ ಬಗ್ಗೆ ಯಾಕೆ ಹೇಳ್ಲಿಲ್ಲ ಅಂತ ಕೇಳಿದ್ರು, ಅವರು ಚಿತ್ರವನ್ನು ನಂಬಿ ಕೂತಿದ್ರು, ತಪ್ಪು ನನ್ನದೇ. ಈಗ ಹನಿ ತೋಡಿಗೆ ಸೇರಿದ ಮೇಲೆ ಬೋರ್ಡನ್ನು ಗೋಡೆಗೆ ತಿರುಗಿಸಿ ಇಟ್ಟು, ಚಹಾ ಆದ ನಂತರ ಖರ್ಚಿನ ಮಾತು ಬೇರೆಯಾಗಿ ನಡೀತದೆ.

ಜನರಿಗೆ ಜಾಗ ಗೊತ್ತುಂಟಾ ಅಂತ ನಾನು ನೋಡುದು ಪ್ರಶ್ನೆಯ ಮಾತಿನಲ್ಲಿ. ಮೊದಲೆಲ್ಲ "ಆಗ ಒಂದು ಫೋಟೋ ತೋರಿಸಿದ್ರಲ್ಲ" ಅಂತ ಕೇಳ್ತಿದ್ರು, ಈಗ "ಹನಿ ಪಕ್ಕಾಸಿನಲ್ಲಿದ್ದಾಗ ಒರಲೆ ಬಗ್ಗೆ ಹೇಳಿದ್ರಲ್ಲ" ಅಂತಾರೆ. ಕಳೆದ ಸಲ ಬ್ರಹ್ಮಾವರದ ಕಡೆ ಒಂದು ಹಾಲಲ್ಲಿ ಗೋಡೆಯ ಎರಡನೇ ನಿಲ್ದಾಣದಲ್ಲಿ ಕರೆಂಟ್ ಹೋಯ್ತು, ಸಿಡಿಲು ಬೇರೆ, ಪ್ರೊಜೆಕ್ಟರ್ ಆಫ್. ಇಬ್ಬರು ಹುಡುಗರು ಬೋರ್ಡಿಗೆ ಟಾರ್ಚ್ ಹಿಡಿದ್ರು, ನಲವತ್ತು ನಿಮಿಷ ಹಾಗೇ ನಡೆಯಿತು, ಹನಿ ಪಂಚಾಂಗಕ್ಕೆ ಇಳಿಸುವಾಗ ತಡವಾಗಿ ಬಂದ ಒಬ್ಬರು ಬಾಗಿಲಲ್ಲೇ ನಿಂತು ಪಕ್ಕದವರ ಹತ್ರ "ಗೋಡೆ ಆಯ್ತಾ?" ಅಂತ ಕೇಳಿ ಕೂತ್ರು.

ಈಗ ತಲೆಯಲ್ಲಿ ಓಡ್ತಾ ಇರುದು ಉಪ್ಪರಿಗೆ ಮನೆಯ ಚಿತ್ರ. ಅಲ್ಲಿ ಮೇಲಿನ ಮಾಡಿನ ನೀರು ಕೆಳಗಿನ ಮಾಡಿನ ಮೇಲೆ ಬೀಳ್ತದೆ, ಆ ಮಾಡು ಗೋಡೆಗೆ ಸೇರುವ ಕಡೆ ದಾರಿ ಎರಡಾಗ್ತದೆ, ಒಂದು ಹಂಚಿನ ಮೇಲೆ ಹೊರಗೆ, ಇನ್ನೊಂದು ಗೋಡೆ ಹಿಡಿದು ಒಳಗೆ. ಎರಡು ಹನಿ ಇಟ್ರೆ ಜನ ಯಾವುದನ್ನು ನೋಡ್ಬೇಕು? ಸದ್ಯ ಒಳಗೆ ಹೋಗುವ ಹನಿಯನ್ನು ಮಾತ್ರ ಸರಿಸಿ ಹೊರಗಿನದ್ದನ್ನು ಚುಕ್ಕೆ ಗೆರೆಯಲ್ಲಿ ಬಿಟ್ಟು ಒಂದು ಕರಡು ಬರೆದಿದ್ದೇನೆ, ಏಪ್ರಿಲಿನಲ್ಲಿ ಕಾರ್ಕಳದ ಟಾಕಿಗೆ ಅದನ್ನೇ ಹಿಡಿದುಕೊಂಡು ಹೋಗುದು.